ನೀರಿಗೆ ಬಾರದ ಬಣ್ಣ: ಬ್ಯಾಡಗಿ ಮೆಣಸಿನಕಾಯಿಯ ಒಂದು ಪ್ರಯೋಗದ ಪ್ರಕರಣ ಅಧ್ಯಯನ

ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯ ನಾಲ್ವರು ಗೆಳೆಯರು ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾಡಿದ ತಯಾರಿಯ ವಿವರ ಇದು. ಶಾಲೆಯ ಹೆಸರು, ಊರು, ಮಕ್ಕಳ ಹೆಸರು ಯಾವುದನ್ನೂ ಕೊಟ್ಟಿಲ್ಲ. ಅವರವರ ಮನೆಯ ಕಸುಬಿನಿಂದ ಮಕ್ಕಳನ್ನು ಗುರುತಿಸಿದ್ದೇವೆ, ಯಾಕೆಂದರೆ ಪ್ರಯೋಗ ತಿರುವು ಪಡೆದಾಗಲೆಲ್ಲ ಅದಕ್ಕೆ ಕಾರಣವಾದದ್ದು ಯಾರದೋ ಮನೆಯ ತಿಳುವಳಿಕೆ. ಒಬ್ಬಳದು ಖಾನಾವಳಿ ನಡೆಸುವ ಮನೆ. ಒಬ್ಬನದು ಕಂಬಳಿ ನೇಯುವ ಮನೆ. ಇನ್ನೊಬ್ಬನದು ಮೆಣಸಿನಕಾಯಿ ಬೆಳೆಯುವ ಒಕ್ಕಲು ಮನೆ. ನಾಲ್ಕನೆಯವಳು ತಂಡದ ನೋಟ್‌ಬುಕ್ ಬರೆದವಳು.

ಹಿನ್ನೆಲೆ

ಒಂಬತ್ತನೇ ತರಗತಿಯ ಈ ತಂಡ ಆರಿಸಿಕೊಂಡ ವಿಷಯ ನೈಸರ್ಗಿಕ ಸೂಚಕ, ಅಂದರೆ ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು ಎಂದು ತನ್ನ ಬಣ್ಣ ಬದಲಿಸಿ ತೋರಿಸುವ ಹೂವು ಕಾಯಿಗಳ ಬಣ್ಣ. ದಾಸವಾಳದ ಹೂವನ್ನು ಬಿಸಿ ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಆ ನೀರಿಗೆ ಲಿಂಬೆರಸ ಹಿಂಡಿದರೆ ಕೆಂಪಾಗುತ್ತದೆ, ವಾಷಿಂಗ್ ಸೋಡಾ ಹಾಕಿದರೆ ಹಸಿರಿಗೆ ತಿರುಗುತ್ತದೆ. ಆದರೆ ಪ್ರದರ್ಶನಕ್ಕೆ ಹೋದರೆ ದಾಸವಾಳ ಮತ್ತು ಅರಿಸಿನ ತಂದ ತಂಡಗಳೇ ಸಾಲುಗಟ್ಟಿ ನಿಂತಿರುತ್ತವೆ. ನಮ್ಮ ಜಿಲ್ಲೆಯದೇ ಆದ ಸೂಚಕ ಬೇಕು ಎಂದು ಒಕ್ಕಲು ಮನೆಯ ಹುಡುಗ ಹಟ ಹಿಡಿದ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ಸಿಕ್ಕಿದೆ, ಅದು ಹೆಸರು ಮಾಡಿರುವುದೇ ಖಾರ ಕಡಿಮೆ, ಬಣ್ಣ ಜಾಸ್ತಿ ಎಂಬ ಗುಣಕ್ಕೆ. ಅಷ್ಟು ಬಣ್ಣವಿರುವ ಕಾಯಿ ಸೂಚಕ ಯಾಕಾಗಬಾರದು ಎಂಬುದು ಅವನ ವಾದ.

ವಾದದೊಳಗೆ ಒಂದು ಊಹೆ ಅಡಗಿತ್ತು, ಆಗ ಯಾರೂ ಅದನ್ನು ಗಮನಿಸಲಿಲ್ಲ. ದಾಸವಾಳ ಕೆಂಪು, ಮೆಣಸಿನಕಾಯಿಯೂ ಕೆಂಪು, ಹಾಗಾಗಿ ಎರಡರ ಗುಣವೂ ಒಂದೇ ಇರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು.

ಕೆಟ್ಟ ಪ್ರಯೋಗ

ಮೊದಲ ದಿನ ಬ್ಯಾಡಗಿಯಲ್ಲೇ ಡಬ್ಬಿ ಎಂಬ ತಳಿಯ 10 ಗ್ರಾಂ ಒಣ ಕಾಯಿ ತೆಗೆದುಕೊಂಡು, ತೊಟ್ಟು ಬೀಜ ತೆಗೆದು, ಮುರಿದು, 100 ಮಿ.ಲೀ. ನೀರಿನಲ್ಲಿ ಹತ್ತು ನಿಮಿಷ ಕುದಿಸಿದರು. ಬಟ್ಟೆಯಲ್ಲಿ ಸೋಸಿದಾಗ ಬಂದದ್ದು ಕೆಂಪು ನೀರಲ್ಲ, ತೆಳು ಚಹಾದಂಥ ಕಂದು ಹಳದಿ ನೀರು. ಲಿಂಬೆರಸಕ್ಕೆ ಅದು ಬದಲಾಗಲಿಲ್ಲ. ವಾಷಿಂಗ್ ಸೋಡಾ ಹಾಕಿದಾಗ ಹಳದಿ ತುಸು ಗಾಢವಾಯಿತು, ಅಷ್ಟೇ. ಅರಿಸಿನ ಕೆಂಗಂದಾಗುವ ಹಾಗೆ ಎದ್ದು ಕಾಣುವ ಬದಲಾವಣೆ ಏನೂ ಬರಲಿಲ್ಲ.

ಎರಡನೆಯ ದಿನ ಕಾಯಿಯನ್ನು 25 ಗ್ರಾಂಗೆ ಏರಿಸಿ ಅರ್ಧ ಗಂಟೆ ಕುದಿಸಿದರು. ಬಣ್ಣ ಏರಲಿಲ್ಲ, ಘಾಟು ಏರಿತು. ಕೋಣೆಯಲ್ಲಿದ್ದವರೆಲ್ಲ ಕೆಮ್ಮುತ್ತ ಹೊರಗೆ ಓಡಬೇಕಾಯಿತು. ಖಾರದ ಅಂಶವಾದ ಕ್ಯಾಪ್ಸೈಸಿನ್ ಆವಿಯ ಜೊತೆ ಸಣ್ಣ ಹನಿಗಳಾಗಿ ಮೇಲೇಳುತ್ತದೆ, ಕಣ್ಣಿಗೂ ಗಂಟಲಿಗೂ ಹತ್ತುತ್ತದೆ. ಇದನ್ನು ಮಾಡಿ ನೋಡುವವರು ಕಿಟಕಿ ತೆರೆದಿಟ್ಟು, ಪಾತ್ರೆಗೆ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಮಾಡಬೇಕು. ಕುದಿಸುವುದಕ್ಕಿಂತ ಬಿಸಿ ನೀರು ಸುರಿದು ಮುಚ್ಚಿಡುವುದು ಇನ್ನೂ ಒಳ್ಳೆಯದು.

ಮೂರನೆಯ ದಿನ ಕಾಯಿಯ ಬದಲು ನುಣ್ಣನೆಯ ಖಾರಪುಡಿ ಹಾಕಿದರು. ನೀರು ಕೆಂಪಾಯಿತು. ಎಲ್ಲರಿಗೂ ಖುಷಿ. ಹತ್ತು ನಿಮಿಷದಲ್ಲಿ ಕೆಂಪೆಲ್ಲ ತಳಕ್ಕೆ ಕುಳಿತು, ಮೇಲೆ ಅದೇ ಚಹಾ ನೀರು ನಿಂತಿತು. ಅಂದರೆ ಬಣ್ಣ ಕರಗಿರಲಿಲ್ಲ, ಪುಡಿ ತೇಲುತ್ತಿತ್ತು ಅಷ್ಟೇ. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಹೀಗಿತ್ತು: "ಸೂಚಕ ಆಗಲಿಲ್ಲ. ಫೇಲ್." ಪ್ರದರ್ಶನಕ್ಕೆ ಹನ್ನೆರಡು ದಿನ ಉಳಿದಿದ್ದವು.

ಮೊದಲ ತಿರುವು: ಸಾಲು ತಿದ್ದಿದ್ದು

ವಿಜ್ಞಾನ ಶಿಕ್ಷಕರು ನೋಟ್‌ಬುಕ್ ನೋಡಿ ಕೇಳಿದ್ದು ಒಂದೇ ಮಾತು. "ಏನು ಆಗಲಿಲ್ಲ ಅಂತ ಬರದೀರಿ. ಏನು ಆತು ಅನ್ನೋದು ಎಲ್ಲೈತಿ?"

ಹುಡುಗಿ ಆ ಸಾಲನ್ನು ಹೊಡೆದು ಹಾಕಿ ಮತ್ತೆ ಬರೆದಳು: ನೀರು ಕಂದು ಹಳದಿ ಆಯಿತು, ಕಾಯಿ ಮೊದಲಿನಷ್ಟೇ ಕೆಂಪಾಗಿ ಉಳಿಯಿತು. ಈ ಎರಡನೆಯ ಅರ್ಧವನ್ನು ಮೂರು ದಿನ ಯಾರೂ ನೋಡಿರಲಿಲ್ಲ, ಎಲ್ಲರ ಕಣ್ಣೂ ಸೋಸಿದ ನೀರಿನ ಮೇಲಿತ್ತು. ಬಟ್ಟೆಯಲ್ಲಿ ಉಳಿದ ಗಸಿ ಬಿಚ್ಚಿ ನೋಡಿದರೆ ಅರ್ಧ ಗಂಟೆ ಕುದಿದ ಸಿಪ್ಪೆ ಹೊಳೆಯುವ ಕೆಂಪಾಗಿಯೇ ಇತ್ತು. ಬೀಕರಿನ ಒಳಗೋಡೆಯ ಕೆಂಪು ಗೆರೆಯೂ ಬರೀ ನೀರಿಗೆ ಹೋಗಲಿಲ್ಲ, ಸಾಬೂನು ಹಚ್ಚಿದ ಮೇಲೆ ಹೋಯಿತು.

ಖಾನಾವಳಿಯ ಹುಡುಗಿಗೆ ಇದು ತಿಳಿದ ಸಂಗತಿಯೇ ಆಗಿತ್ತು. "ನೀರಾಗ ಎಲ್ಲಿ ಬಣ್ಣ ಬಿಡತೈತಿ ಅದು? ನಮ್ಮವ್ವ ಪಲ್ಯದ ಮ್ಯಾಲೆ ಕೆಂಪು ಎಣ್ಣಿ ತೇಲಬೇಕಂದ್ರ ಮೊದಲ ಎಣ್ಣ್ಯಾಗ ಖಾರಪುಡಿ ಬಿಡತಾಳ, ಆಮ್ಯಾಲೆ ನೀರು ಹಾಕತಾಳ."

ಅಲ್ಲೇ ಒಂದು ಪ್ರನಾಳಕ್ಕೆ ಎಣ್ಣೆ ಹಾಕಿ, ಚಿಟಿಕೆ ಪುಡಿ ಬಿಟ್ಟು, ಬಿಸಿ ನೀರಿನ ಲೋಟದಲ್ಲಿ ನಿಲ್ಲಿಸಿದರು. ಪುಡಿ ಬಿದ್ದ ಜಾಗದಿಂದ ಎಣ್ಣೆ ನಿಧಾನವಾಗಿ ಕೇಸರಿಯಾಗಿ, ಕಾಲು ಗಂಟೆಯಲ್ಲಿ ಮಾಣಿಕ್ಯದ ಕೆಂಪಾಯಿತು. ಪುಡಿಯೆಲ್ಲ ತಳಕ್ಕೆ ಕುಳಿತ ಮೇಲೂ ಎಣ್ಣೆಯ ಬಣ್ಣ ಹಾಗೆಯೇ ನಿಂತಿತು.

ಕಾರಣ ಇಷ್ಟು. ದಾಸವಾಳದ ಬಣ್ಣ ಆಂಥೋಸಯನಿನ್. ಅದು ನೀರಿನಲ್ಲಿ ಕರಗುತ್ತದೆ, ಆಮ್ಲ ಪ್ರತ್ಯಾಮ್ಲಗಳಿಗೆ ತಕ್ಕಂತೆ ಅದರ ರಚನೆಯೂ ಬಣ್ಣವೂ ಬದಲಾಗುತ್ತವೆ. ಮೆಣಸಿನಕಾಯಿಯ ಕೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್, ಗಜ್ಜರಿಯ ಬಣ್ಣದ ಬಳಗಕ್ಕೆ ಸೇರಿದ ಕೆರೋಟಿನಾಯ್ಡ್. ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ, ಲಿಂಬೆರಸಕ್ಕಾಗಲಿ ಸೋಡಾಕ್ಕಾಗಲಿ ಜಗ್ಗುವುದಿಲ್ಲ. ಆದ್ದರಿಂದ ಎಷ್ಟು ಕುದಿಸಿದರೂ ಅದರಿಂದ ಸೂಚಕ ಆಗುತ್ತಿರಲಿಲ್ಲ.

ಎರಡನೆಯ ತಿರುವು: ಪ್ರಶ್ನೆ ಬದಲಾದದ್ದು

ಇಲ್ಲಿಗೆ ನಿಲ್ಲಿಸಿ "ಮೆಣಸಿನಕಾಯಿ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ" ಎಂದು ಫಲಕ ಬರೆದಿದ್ದರೆ ಅದೊಂದು ಸಣ್ಣ ಮಾದರಿಯಾಗಿ ಮುಗಿಯುತ್ತಿತ್ತು. ಮುಂದಕ್ಕೆ ಕೊಂಡೊಯ್ದವನು ಒಕ್ಕಲು ಮನೆಯ ಹುಡುಗ. ಹಳೆಯದಾಗಿ ಬಣ್ಣ ಮಾಸಿದ ಪುಡಿಗೆ ಕೆಂಪು ಬಣ್ಣ ಬೆರೆಸಿ ಮಾರುವವರಿದ್ದಾರೆ ಎಂಬ ಮಾತು ಅವನ ಮನೆಯಲ್ಲಿ ದಿನವೂ ಬರುವಂಥದ್ದು. ಜಿಲೇಬಿ, ಲಾಡುಗಳಿಗೆ ಹಾಕುವ ಬಣ್ಣದ ಪುಡಿ ನೀರಿನಲ್ಲಿ ಕರಗುತ್ತದೆ. ಅಸಲು ಮೆಣಸಿನಕಾಯಿಯ ಕೆಂಪು ಕರಗುವುದಿಲ್ಲ. ಹಾಗಾದರೆ ಮೂರು ದಿನ ತಮ್ಮನ್ನು ಕಾಡಿದ ಆ ಚಹಾ ನೀರೇ ಅಸಲುತನದ ಗುರುತಲ್ಲವೇ?

ನೀರಿನ ಮೇಲೆ ಖಾರಪುಡಿ ಉದುರಿಸಿ ಬಣ್ಣದ ಎಳೆ ಇಳಿಯುತ್ತದೆಯೇ ಎಂದು ನೋಡುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಮನೆಯ ಪರೀಕ್ಷೆಯಾಗಿ ಹೇಳಿಕೊಡುತ್ತದೆ. ತಂಡ ಅದನ್ನು ಹೊಸದಾಗಿ ಕಂಡುಹಿಡಿಯಲಿಲ್ಲ, ಫಲಕದಲ್ಲೂ ಹಾಗೆ ಹೇಳಿಕೊಳ್ಳಲಿಲ್ಲ. ಅವರು ಕೇಳಿಕೊಂಡ ಪ್ರಶ್ನೆ ಬೇರೆ: ಈ ಪರೀಕ್ಷೆ ಎಷ್ಟು ಸಣ್ಣ ಪ್ರಮಾಣದ ಬಣ್ಣವನ್ನು ಹಿಡಿಯುತ್ತದೆ, ಎಲ್ಲಿ ತಪ್ಪುತ್ತದೆ, ಎಣ್ಣೆಯನ್ನೂ ಜೊತೆಗೆ ತಂದರೆ ಸುಧಾರಿಸುತ್ತದೆಯೇ? ನಮ್ಮ ದೃಷ್ಟಿಯಲ್ಲಿ ಈ ಇಡೀ ಪ್ರಕರಣದ ಅತ್ಯಂತ ಒಳ್ಳೆಯ ನಿರ್ಧಾರ ಇದು. ಗೊತ್ತಿರುವ ಪರೀಕ್ಷೆಯೊಂದರ ಮಿತಿಯನ್ನು ಅಳೆಯುವುದು ಶಾಲೆಯ ಮಕ್ಕಳ ಕೈಗೆ ಎಟುಕುವ ನಿಜವಾದ ಸಂಶೋಧನೆ.

ಒಂದೇ ಪ್ರನಾಳವೋ, ಎರಡೋ

ಮೊದಲು ಅವರು ಒಂದೇ ಪ್ರನಾಳದಲ್ಲಿ 10 ಮಿ.ಲೀ. ನೀರು, 5 ಮಿ.ಲೀ. ಎಣ್ಣೆ, ಅರ್ಧ ಗ್ರಾಂ ಪುಡಿ ಹಾಕಿ ಜೋರಾಗಿ ಅಲುಗಾಡಿಸಿದರು. ನೋಡಲು ಚೆಂದ ಇರುತ್ತದೆ ಎಂಬ ಆಸೆ: ಮೇಲೆ ಕೆಂಪು ಎಣ್ಣೆ, ಕೆಳಗೆ ಬಿಳಿ ನೀರು. ಆದದ್ದು ಮಜ್ಜಿಗೆಯಂಥ ಕೇಸರಿ ದ್ರವ. ಎಣ್ಣೆ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಸಿಕ್ಕಿಕೊಂಡಿತು, ಪುಡಿಯ ಕಣಗಳು ಆ ಹನಿಗಳನ್ನು ಸುತ್ತಿಕೊಂಡು ಮತ್ತೆ ಒಂದಾಗಲು ಬಿಡಲಿಲ್ಲ. ಒಂದು ಗಂಟೆ ಕಳೆದರೂ ಪದರಗಳು ಸರಿಯಾಗಿ ಬೇರೆಯಾಗಲಿಲ್ಲ. ಮೊದಲು ನೀರು, ಆಮೇಲೆ ಎಣ್ಣೆ ಹಾಕಿ ನೋಡಿದಾಗ ಇನ್ನೊಂದು ತೊಡಕು: ನೆನೆದ ಪುಡಿಗೆ ಎಣ್ಣೆ ತಾಗುವುದೇ ಇಲ್ಲ, ಬಣ್ಣ ಬಿಡುವುದಿಲ್ಲ. ಖಾನಾವಳಿಯಲ್ಲಿ ನೀರಿಗಿಂತ ಮೊದಲು ಎಣ್ಣೆಗೆ ಪುಡಿ ಬೀಳುವುದು ಸುಮ್ಮನೆ ಅಲ್ಲ.

ಕೊನೆಗೆ ಎರಡು ಪ್ರನಾಳಗಳಿಗೆ ಬಂದರು. ಒಂದರಲ್ಲಿ ಎಣ್ಣೆ, ಒಂದರಲ್ಲಿ ನೀರು, ಎರಡರಲ್ಲೂ ಒಂದೇ ತೂಕದ ಪುಡಿ. ಶೇಂಗಾ ಎಣ್ಣೆಗೆ ತನ್ನದೇ ಹಳದಿ ಬಣ್ಣವಿದೆ. ಕೊಬ್ಬರಿ ಎಣ್ಣೆ ತಿಳಿಯಾಗಿದ್ದರೂ ಚಳಿಗಾಲದ ಬೆಳಗ್ಗೆ ಗಟ್ಟಿಯಾಗುತ್ತದೆ. ಹಾಗಾಗಿ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಆಯ್ಕೆಯಾಯಿತು. ಎರಡನ್ನೂ ಕಾಲು ಗಂಟೆ ಬಿಸಿ ನೀರಿನಲ್ಲಿ ನಿಲ್ಲಿಸಿ, ಬಿಳಿ ಹಾಳೆ ಹಿಂದಿಟ್ಟು ಓದಬೇಕು. ಎಣ್ಣೆ ಕಡುಕೆಂಪು, ನೀರು ಚಹಾ ಬಣ್ಣ ಎಂದರೆ ನೀರಿನಲ್ಲಿ ಕರಗುವ ಬಣ್ಣ ಕಂಡಿಲ್ಲ ಎಂದರ್ಥ. ಎಣ್ಣೆ ತೆಳು, ನೀರು ಗುಲಾಬಿ ಅಥವಾ ಕೆಂಪು ಎಂದರೆ ಪುಡಿ ಮಾಸಿದ್ದು, ಮೇಲೆ ಬಣ್ಣ ಬಿದ್ದಿದೆ ಎಂದು ಅನುಮಾನಿಸಬಹುದು. ಜೋಡಿಯಾಗಿ ಓದಿದಾಗ ಮಾತ್ರ ಈ ಎರಡನೆಯ ಸಂಗತಿ ಕಾಣುತ್ತದೆ.

ಗೊತ್ತಿದ್ದೇ ಬೆರೆಸಿದ ಕಲಬೆರಕೆ

ಪರೀಕ್ಷೆಯನ್ನೇ ಪರೀಕ್ಷಿಸಬೇಕಾದರೆ ಎಷ್ಟು ಬಣ್ಣ ಬೆರೆತಿದೆ ಎಂದು ಗೊತ್ತಿರುವ ಪುಡಿ ಬೇಕು. ಮನೆಯಲ್ಲೇ ಕಾಯಿ ಒಣಗಿಸಿ ಕುಟ್ಟಿದ ಪುಡಿಯನ್ನು ಅಸಲು ಎಂದು ಇಟ್ಟುಕೊಂಡರು. 10 ಗ್ರಾಂ ಪುಡಿಗೆ ಶೇಕಡಾ 1 ಎಂದರೆ 0.1 ಗ್ರಾಂ ಬಣ್ಣ, ಶೇಕಡಾ 0.1 ಎಂದರೆ 0.01 ಗ್ರಾಂ. ಶಾಲೆಯ ತಕ್ಕಡಿ ಅಷ್ಟು ಸಣ್ಣದನ್ನು ತೂಗುವುದಿಲ್ಲ. ಅದಕ್ಕೆ 1 ಗ್ರಾಂ ಬಣ್ಣವನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿದರು. ಆಗ ಪ್ರತಿ ಮಿ.ಲೀ.ನಲ್ಲಿ 0.01 ಗ್ರಾಂ ಇರುತ್ತದೆ, ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು ಹಾಕಬಹುದು. 10 ಮಿ.ಲೀ. ಹಾಕಿದ ಪುಡಿ ಶೇಕಡಾ 1ರದು, 1 ಮಿ.ಲೀ. ಹಾಕಿದ್ದು 0.1ರದು. ಕಲಸಿ, ತಾಟಿನಲ್ಲಿ ಹರಡಿ, ನೆರಳಿನಲ್ಲಿ ಎರಡು ದಿನ ಒಣಗಿಸಿ, ಮತ್ತೆ ಕುಟ್ಟಿ ಜರಡಿ ಹಿಡಿದರು. ಅಂಗಡಿಯ ಬಣ್ಣದ ಪೊಟ್ಟಣದಲ್ಲಿ ಉಪ್ಪೂ ಬೆರೆತಿರುವುದುಂಟು, ಆದ್ದರಿಂದ ನಿಜವಾದ ಬಣ್ಣದ ಪಾಲು ಇದಕ್ಕಿಂತ ಕಡಿಮೆಯೇ ಇರುತ್ತದೆ. ಅದನ್ನೂ ಫಲಕದಲ್ಲಿ ಬರೆದರು.

ಮೊದಲ ಸುತ್ತಿನಲ್ಲಿ ಒಂದು ತಪ್ಪಾಯಿತು, ಬೇರೆಯವರೂ ಮಾಡುವಂಥ ತಪ್ಪು. ಅಸಲು ಪುಡಿಯನ್ನು ಒಣದಾಗಿಯೇ ಇಟ್ಟಿದ್ದರು. ಬಣ್ಣ ಹಾಕಿದ್ದು ನೆನೆದು ಒಣಗಿ ಉಂಡೆ ಉಂಡೆಯಾಗಿತ್ತು. ಓದುವವನು ಪ್ರನಾಳ ನೋಡುವ ಮೊದಲೇ ಬಟ್ಟಲು ನೋಡಿ ಎಲ್ಲವನ್ನೂ ಸರಿಯಾಗಿ ಹೇಳಿಬಿಟ್ಟ. ಆ ಸುತ್ತನ್ನು ಪೂರ್ತಿ ಕೈಬಿಟ್ಟರು. ಎರಡನೆಯ ಸುತ್ತಿನಲ್ಲಿ ಎಲ್ಲ ಪುಡಿಗೂ ಒಟ್ಟು 10 ಮಿ.ಲೀ. ದ್ರವವೇ ಬೀಳುವಂತೆ ನೋಡಿಕೊಂಡರು. ಅಸಲಿಗೆ ಬರೀ ನೀರು, 0.1ರದಕ್ಕೆ 1 ಮಿ.ಲೀ. ಬಣ್ಣದ ದ್ರಾವಣ ಮತ್ತು 9 ಮಿ.ಲೀ. ನೀರು. ತಂಡದ ಹೊರಗಿನ ಸಹಪಾಠಿಯೊಬ್ಬಳು ಹನ್ನೆರಡು ಬಟ್ಟಲುಗಳಿಗೆ ಗುರುತು ಹಾಕಿ, ಯಾವುದು ಏನು ಎಂಬ ಚೀಟಿಯನ್ನು ಲಕೋಟೆಯಲ್ಲಿ ಅಂಟಿಸಿ ಶಿಕ್ಷಕರ ಕೈಗೆ ಕೊಟ್ಟಳು. ಮೂರೂ ಬಗೆಯವು ನಾಲ್ಕು ನಾಲ್ಕು ಇದ್ದವು.

ಎರಡು ಪ್ರನಾಳ ಓದಿ ತೀರ್ಪು ಬರೆದ ಮೇಲೆ ಲಕೋಟೆ ಬಿಚ್ಚಿದರು. ಶೇಕಡಾ 1ರವು ನಾಲ್ಕೂ ಸಿಕ್ಕಿದ್ದವು. 0.1ರವುಗಳಲ್ಲಿ ಎರಡು ತಪ್ಪಿಸಿಕೊಂಡಿದ್ದವು. ಒಂದು ಅಸಲು ಪುಡಿಗೆ ಕಲಬೆರಕೆ ಎಂದು ಹಣೆಪಟ್ಟಿ ಬಿದ್ದಿತ್ತು. ತಂಡಕ್ಕೆ ನೋವಾದದ್ದು ಈ ಕೊನೆಯದಕ್ಕೆ. ತಪ್ಪಿಸಿಕೊಂಡದ್ದಕ್ಕಿಂತ ಒಳ್ಳೆಯದನ್ನು ಕೆಟ್ಟದ್ದು ಎನ್ನುವುದು ಹೆಚ್ಚಿನ ಅನ್ಯಾಯ ಎಂದು ಒಕ್ಕಲು ಮನೆಯ ಹುಡುಗ ಹೇಳಿದ, ಅದು ಸರಿಯಾದ ಮಾತು.

ಕಾರಣ ಹುಡುಕಿದರೆ ಎರಡೂ ತಪ್ಪಿಗೆ ಮೂಲ ಆ ಚಹಾ ಬಣ್ಣವೇ. ಅಸಲು ಪುಡಿಯಿಂದಲೂ ಒಂದಿಷ್ಟು ಕಂದು ಹಳದಿ ನೀರಿಗೆ ಬರುತ್ತದೆ, ಅತಿ ನುಣುಪು ಕಣಗಳು ಬೇಗ ತಳಕ್ಕಿಳಿಯದೆ ಕೆಂಪಿನ ಭ್ರಮೆ ಹುಟ್ಟಿಸುತ್ತವೆ. ತೆಳು ಗುಲಾಬಿ ಆ ಹಳದಿಯಲ್ಲಿ ಮುಚ್ಚಿಹೋಗುತ್ತದೆ.

ಕಂಬಳಿ ಮನೆಯ ನೂಲು

ಸೋಸು ಕಾಗದದಿಂದ ಕಣಗಳು ನಿಂತವು, ಹಳದಿ ಮಾತ್ರ ಹೋಗಲಿಲ್ಲ. ಶಿಕ್ಷಕರು ಹಳೆಯ ಕಾಲದ ಪ್ರಯೋಗಶಾಲೆಯ ಉಪಾಯವೊಂದನ್ನು ಹೇಳಿದರು. ತಿನಿಸಿಗೆ ಹಾಕುವ ಕೆಂಪು ಬಣ್ಣಗಳು ಬಹುತೇಕ ಆಮ್ಲೀಯ ವರ್ಣಗಳು. ಉಣ್ಣೆ ಪ್ರೋಟೀನಿನ ನಾರು. ಹುಳಿ ನೀರಿನಲ್ಲಿ ಅದಕ್ಕೆ ಧನ ವಿದ್ಯುದಂಶ ಬರುತ್ತದೆ, ಋಣ ವಿದ್ಯುದಂಶದ ಬಣ್ಣ ಅದಕ್ಕೆ ಕಚ್ಚಿಕೊಳ್ಳುತ್ತದೆ. ಹತ್ತಿ ನೂಲಿಗೆ ಹೀಗೆ ಕಚ್ಚುವುದಿಲ್ಲ.

ಬಿಳಿ ಉಣ್ಣೆ ನೂಲು ಕಂಬಳಿ ಮನೆಯಿಂದ ಬಂತು. ಮೊದಲ ಸಲ ಅದು ಬಣ್ಣವನ್ನೇ ಹಿಡಿಯಲಿಲ್ಲ. ಹುಡುಗ ಮನೆಯಲ್ಲಿ ಕೇಳಿದಾಗ ಅಜ್ಜ, "ಜಿಡ್ಡು ತಗದೀರೇನು? ಕುರಿ ಜಿಡ್ಡು ಇದ್ರ ನೀರೂ ಹತ್ತಂಗಿಲ್ಲ, ಬಣ್ಣ ಹೆಂಗ ಹತ್ತತೈತಿ?" ಎಂದರಂತೆ. ಅಂಟುವಾಳದ ಕಾಯಿ ನೆನೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದ ಮೇಲೆ ನೂಲು ಹಗುರಾಗಿ, ನೀರನ್ನು ಹೀರತೊಡಗಿತು. ವಾಷಿಂಗ್ ಸೋಡಾದಲ್ಲಿ ಕುದಿಸಿ ಜಿಡ್ಡು ತೆಗೆಯಬಾರದು, ಪ್ರತ್ಯಾಮ್ಲಕ್ಕೆ ಉಣ್ಣೆ ಹಾಳಾಗುತ್ತದೆ.

ಕ್ರಮ ಹೀಗೆ ನಿಂತಿತು. 1 ಗ್ರಾಂ ಪುಡಿಯನ್ನು 50 ಮಿ.ಲೀ. ಬಿಸಿ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಸೋಸಬೇಕು. ಸೋಸಿದ್ದಕ್ಕೆ ಒಂದು ಚಮಚ ವಿನೆಗರ್ ಹಾಕಿ, ಗೇಣುದ್ದದ ಉಣ್ಣೆ ನೂಲು ಮತ್ತು ಅಷ್ಟೇ ಉದ್ದದ ಹತ್ತಿ ನೂಲು ಇಳಿಬಿಟ್ಟು, ಕುದಿಯುವ ನೀರಿನ ಪಾತ್ರೆಯಲ್ಲಿ ಬೀಕರ್ ಇಟ್ಟು ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ಎರಡನ್ನೂ ಹರಿಯುವ ನೀರಿನಲ್ಲಿ ತೊಳೆಯಬೇಕು. ಬಣ್ಣ ಬೆರೆತ ಪುಡಿಯಾದರೆ ಉಣ್ಣೆ ಗುಲಾಬಿಯಾಗಿ ಉಳಿಯುತ್ತದೆ, ಹತ್ತಿ ತೊಳೆದು ಬೆಳ್ಳಗಾಗುತ್ತದೆ. ಅಸಲು ಪುಡಿಯಾದರೆ ಉಣ್ಣೆ ಬಹಳವೆಂದರೆ ಮಣ್ಣಿನ ಹಳದಿಗೆ ನಿಲ್ಲುತ್ತದೆ. ನೀರಿನಲ್ಲಿ ಚದುರಿದ್ದ ಬಣ್ಣವೆಲ್ಲ ಒಂದು ನೂಲಿಗೆ ಬಂದು ಸೇರುವುದರಿಂದ ಕಣ್ಣಿಗೆ ಕಾಣದ ಗುಲಾಬಿಯೂ ಇಲ್ಲಿ ಕಾಣುತ್ತದೆ.

ಹೊಸ ಗುರುತು, ಹೊಸ ಲಕೋಟೆಯೊಂದಿಗೆ ಮತ್ತೆ ಹನ್ನೆರಡು ಬಟ್ಟಲು ಓದಿದರು. ಅಸಲು ನಾಲ್ಕೂ ಅಸಲೇ ಎಂದು ಬಂದವು. ಶೇಕಡಾ 1ರವು ನಾಲ್ಕು, 0.1ರವು ಮೂರು ಸಿಕ್ಕವು.

ಕಾಕಾ ಕೇಳಿದ ಪ್ರಶ್ನೆ

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಫಲಕದ ತಲೆಬರಹ "ಖಾರಪುಡಿಯ ಕಲಬೆರಕೆ ಪತ್ತೆ" ಎಂದಿತ್ತು. ಒಕ್ಕಲು ಮನೆಯ ಹುಡುಗನ ಕಾಕಾ ಬ್ಯಾಡಗಿ ಮಾರುಕಟ್ಟೆಗೆ ಕಾಯಿ ಒಯ್ಯುವವರು. ಎಲ್ಲವನ್ನೂ ನೋಡಿ ಕೇಳಿದರು: "ಎಣ್ಣ್ಯಾಗ ಕರಗೋ ಬಣ್ಣ ಹಾಕಿದ್ರ ನಿಮ್ಮ ಕೈಗೆ ಹೆಂಗ ಸಿಗತೈತೋ ತಮ್ಮಾ?"

ಸಿಗುವುದಿಲ್ಲ. ಸುಡಾನ್ ಎಂಬ ಹೆಸರಿನ ಬಣ್ಣಗಳು ಮೇಣ, ಎಣ್ಣೆಗಳಿಗೆ ಹಾಕುವಂಥವು, ಆಹಾರದಲ್ಲಿ ನಿಷೇಧಿತ. ಭಾರತದಿಂದ ಹೋದ ಮೆಣಸಿನಕಾಯಿಯ ಪದಾರ್ಥದಲ್ಲಿ ಸುಡಾನ್ 1 ಸಿಕ್ಕಿದ್ದರಿಂದಲೇ 2003ರಲ್ಲಿ ಯುರೋಪಿನ ಒಕ್ಕೂಟ ಪರೀಕ್ಷಾ ವರದಿಯಿಲ್ಲದ ಮೆಣಸಿನಕಾಯಿಗೆ ತಡೆ ಹಾಕಿತು. ಈ ಬಣ್ಣ ಕ್ಯಾಪ್ಸಾಂಥಿನ್ ಹಾಗೆಯೇ ಎಣ್ಣೆಗೆ ಇಳಿಯುತ್ತದೆ, ನೀರಿಗೆ ಇಳಿಯುವುದಿಲ್ಲ, ಉಣ್ಣೆಗೂ ಈ ಕ್ರಮದಲ್ಲಿ ಕಚ್ಚುವುದಿಲ್ಲ. ಅದು ಬೆರೆತ ಪುಡಿ ಇಲ್ಲಿ ಅಸಲು ಎಂದೇ ಪಾಸಾಗುತ್ತದೆ, ಎಣ್ಣೆಯ ಪ್ರನಾಳ ಇನ್ನೂ ಕೆಂಪಾಗಿ ಕಂಡು ಹೆಚ್ಚು ಒಳ್ಳೆಯದು ಎಂಬ ತಪ್ಪು ಭಾವನೆಯನ್ನೂ ಕೊಡಬಹುದು. ಅದಕ್ಕೆ ಪ್ರಯೋಗಶಾಲೆಯ ಯಂತ್ರವೇ ಬೇಕು.

ತಂಡದಲ್ಲಿ ವಾದ ನಡೆಯಿತು. ಕೇಳಿದರೆ ಹೇಳೋಣ, ಫಲಕದಲ್ಲಿ ಯಾಕೆ ಎಂದು ಇಬ್ಬರು. ನೋಟ್‌ಬುಕ್ಕಿನ ಹುಡುಗಿ ಒಪ್ಪಲಿಲ್ಲ. ತಲೆಬರಹ "ಖಾರಪುಡಿಯಲ್ಲಿ ನೀರಿನಲ್ಲಿ ಕರಗುವ ಬಣ್ಣದ ಪತ್ತೆ" ಎಂದು ಬದಲಾಯಿತು, "ಈ ಪರೀಕ್ಷೆಗೆ ಸಿಗದಿರುವುದು" ಎಂಬ ಇನ್ನೊಂದು ಹಾಳೆ ಪಕ್ಕದಲ್ಲೇ ನಿಂತಿತು. ಊರಿನ ಅಂಗಡಿಗಳ ಪುಡಿ ತಂದು ಪರೀಕ್ಷಿಸಿ ಹೆಸರು ಹಾಕುವ ಯೋಚನೆಯನ್ನೂ ಆಗಲೇ ಕೈಬಿಟ್ಟರು. ಹನ್ನೆರಡರಲ್ಲಿ ಒಂದು ಅಸಲನ್ನು ಒಮ್ಮೆ ತಪ್ಪು ಓದಿದ ಕೈಗಳು ಯಾರ ಅಂಗಡಿಯ ಮೇಲೂ ಮಾತಾಡಬಾರದು ಎಂಬುದು ಅವರ ಲೆಕ್ಕ.

ಪ್ರದರ್ಶನ ಮತ್ತು ಆಮೇಲೆ

ಮೇಜಿನ ಮೇಲೆ ಒಲೆಗೆ ಅನುಮತಿ ಇರಲಿಲ್ಲ. ಥರ್ಮಾಸಿನಲ್ಲಿ ಕುದಿನೀರು ಒಯ್ದರು, ಬೀಕರನ್ನು ಅದರಲ್ಲಿ ಹತ್ತರ ಬದಲು ಇಪ್ಪತ್ತು ನಿಮಿಷ ನಿಲ್ಲಿಸಿದರೆ ನೂಲು ಬಣ್ಣ ಹಿಡಿಯುತ್ತಿತ್ತು. ಮೊದಲೇ ಮಾಡಿದ ಹನ್ನೆರಡು ಜೋಡಿ ನೂಲುಗಳನ್ನು ರಟ್ಟಿಗೆ ಅಂಟಿಸಿದ್ದರು. ಎಲ್ಲಕ್ಕಿಂತ ಎಡಗಡೆ ಮೊದಲ ದಿನದ ಕ್ರಮದಲ್ಲೇ ಮತ್ತೆ ಕುದಿಸಿದ ಚಹಾ ಬಣ್ಣದ ನೀರಿನ ಬಾಟಲಿ, ಅದರ ಮುಂದೆ ಹೊಡೆದು ಹಾಕಿದ ಸಾಲಿದ್ದ ನೋಟ್‌ಬುಕ್ಕಿನ ಪುಟ. ತೀರ್ಪುಗಾರರು ಹೆಚ್ಚು ಹೊತ್ತು ನಿಂತದ್ದು "ಸಿಗದಿರುವುದು" ಹಾಳೆಯ ಮುಂದೆ. ತಂಡ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಯಿತು.

ಜಿಲ್ಲಾ ಪ್ರದರ್ಶನಕ್ಕೆ ಹೊಸ ಪ್ರನಾಳ ತುಂಬಬೇಕಾಗಿ ಬಂತು. ಕಿಟಕಿಯ ಕಟ್ಟೆಯ ಮೇಲೆ ಮರೆತು ಬಿಟ್ಟಿದ್ದ ಎಣ್ಣೆಯ ಪ್ರನಾಳ ಬಿಸಿಲಿಗೆ ಮಾಸಿ ತೆಳು ಕೇಸರಿಯಾಗಿತ್ತು, ಕಪಾಟಿನಲ್ಲಿದ್ದದ್ದು ಕೆಂಪಾಗಿಯೇ ಇತ್ತು. ಕ್ಯಾಪ್ಸಾಂಥಿನ್ ಬೆಳಕು ಮತ್ತು ಗಾಳಿಗೆ ಒಡೆಯುತ್ತದೆ. ಈಗ ಒಂದೇ ಪುಡಿಯ ಮೂರು ಪ್ರನಾಳಗಳು ಕಿಟಕಿಯಲ್ಲಿವೆ: ಒಂದಕ್ಕೆ ಕಪ್ಪು ಕಾಗದ ಸುತ್ತಿದೆ, ಒಂದು ಬಾಯಿತನಕ ಎಣ್ಣೆ ತುಂಬಿ ಬಿರಡೆ ಹಾಕಿದ್ದು, ಒಂದು ತೆರೆದದ್ದು. ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬೀಳುತ್ತಿದೆ.